ಸ್ಟಿಕ್ಕರ್ ಕೆಳಗೆ ಏನಿತ್ತು? ಒಂದು ಊದುಬತ್ತಿ ಡಬ್ಬಿಯ ಫೋಟೋ ಮತ್ತು ‘ಅಳಿಸಿ ತುಂಬುವ’ ವಿದ್ಯೆಯ ಇತಿಹಾಸ

ಇವತ್ತಿನ ಕತೆ ಶುರುವಾಗೋದು ಮೈಸೂರಿನ ಒಂದು ಮನೆಯಲ್ಲಿ, ಒಂದು ಹಳೇ ಫೋಟೋದಿಂದ.

ನನ್ನ ಸ್ನೇಹಿತನ ತಂದೆ ಎಂಬತ್ತರ ದಶಕದಲ್ಲಿ ಮನೆಯಲ್ಲೇ ಊದುಬತ್ತಿ ಮಾಡಿಸಿ ಮಾರ್ತಾ ಇದ್ದರು. ಸಣ್ಣ ವ್ಯಾಪಾರ. ಕೆಂಪು ಡಬ್ಬಿ, ಸುತ್ತ ಚಿನ್ನದ ಬಣ್ಣದ ಹೂಬಳ್ಳಿ, ಮಧ್ಯೆ ಕೈಯಲ್ಲಿ ಬರೆಸಿದ ಕನ್ನಡ ಅಕ್ಷರ. ವ್ಯಾಪಾರ ನಿಂತುಹೋಯ್ತು, ಅವರೂ ತೀರಿಕೊಂಡರು. ಡಬ್ಬಿ ಒಂದೂ ಉಳಿದಿಲ್ಲ. ಉಳಿದಿರೋದು ಆರಿಂಚು ಅಗಲ, ನಾಲ್ಕಿಂಚು ಎತ್ತರದ ಒಂದೇ ಒಂದು ಫೋಟೋ. ಮೇಜಿನ ಮೇಲೆ ಡಬ್ಬಿ ಇಟ್ಟು ತೆಗೆದದ್ದು. ಆದರೆ ಆ ಡಬ್ಬಿ ಯಾವುದೋ ಅಂಗಡಿಯಿಂದ ವಾಪಸ್ ಬಂದಿದ್ದು. ಮುಂಭಾಗದ ಮೇಲೆ, ಬಲಗಡೆ ಕೆಳಗೆ, ಅಂಗಡಿಯವರು ಅಂಟಿಸಿದ ಬೆಲೆ ಚೀಟಿ. ಬಿಳೀ ಸ್ಟಿಕ್ಕರ್, ಅದರ ಮೇಲೆ ಪೆನ್ನಲ್ಲಿ ‘ರೂ. 3-50’.

ಸ್ನೇಹಿತ ಕೇಳಿದ್ದು ಇಷ್ಟೇ: “ಅಪ್ಪನ ಡಬ್ಬೀನ ಮತ್ತೆ ಪ್ರಿಂಟ್ ಮಾಡಿಸ್ಬೇಕು ಕಣೋ. ಆ ಸ್ಟಿಕ್ಕರ್ ಒಂದನ್ನ ತೆಗೆದುಕೊಡು.”

ಸುಲಭ ಅನ್ಸುತ್ತೆ ಅಲ್ವಾ? ನಿಮ್ಮ ಫೋನಲ್ಲೇ ಬೆರಳಾಡಿಸಿದ್ರೆ ವಸ್ತು ಮಾಯ ಮಾಡೋ ಟೂಲ್ ಇದೆ. ಆದರೆ ಸ್ಟಿಕ್ಕರ್ ಮಾಯ ಆದಮೇಲೆ ಆ ಜಾಗದಲ್ಲಿ ಏನು ಬರುತ್ತೆ, ಅದು ಎಲ್ಲಿಂದ ಬರುತ್ತೆ ಅನ್ನೋದೇ ಇವತ್ತಿನ ವಿಷಯ. ಆ ಪ್ರಶ್ನೆಗೆ ಒಂದು ಇತಿಹಾಸ ಇದೆ.

ಚೀಟಿ ಯಾಕೆ ಅಂಟಿಸ್ತಿದ್ರು?

ಮೊದಲು ಆ ಚೀಟಿಯ ಕತೆ. ಭಾರತದಲ್ಲಿ ಪ್ಯಾಕೆಟ್ ಸಾಮಾನಿನ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಬೆಲೆ ಎಲ್ಲ ಅಚ್ಚಾಗಿರಬೇಕು ಅಂತ ನಿಯಮ ಬಂದದ್ದು 1977ರಲ್ಲಿ. ಆದರೆ ‘ಎಲ್ಲಾ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ’, ಅಂದ್ರೆ ನಾವು ಇವತ್ತು ಎಂಆರ್‌ಪಿ ಅನ್ನೋದು ಕಡ್ಡಾಯ ಆಗಿದ್ದು 1990ರ ತಿದ್ದುಪಡಿಯಿಂದ. ಅದಕ್ಕೆ ಮುಂಚೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಅಂತ ಅಚ್ಚು ಹಾಕಬಹುದಿತ್ತು. ಗಿರಾಕಿ ನಿಜವಾಗಿ ಕೊಡಬೇಕಾದ ಮೊತ್ತ ಎಷ್ಟು ಅನ್ನೋದು ಅಂಗಡಿಯವನ ಲೆಕ್ಕ. ಅದಕ್ಕೇ ಅವನದ್ದೊಂದು ಚೀಟಿ.

ಈಗಿನ ಕಾನೂನು ಇನ್ನೂ ಬಿಗಿ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ, ಕಡ್ಡಾಯ ವಿವರಗಳನ್ನ ಬದಲಾಯಿಸೋಕೆ ಸ್ಟಿಕ್ಕರ್ ಅಂಟಿಸೋ ಹಾಗಿಲ್ಲ. ಬೆಲೆ ಇಳಿಸೋದಾದ್ರೆ ಮಾತ್ರ ಅಂಟಿಸಬಹುದು. ಆಗಲೂ ತಯಾರಕರು ಅಚ್ಚು ಹಾಕಿದ ಮೂಲ ಬೆಲೆ ಸ್ಟಿಕ್ಕರ್ ಅಡಿಯಲ್ಲಿ ಮುಚ್ಚಿಹೋಗಬಾರದು. ಈ ಮಾತು ನೆನಪಿಟ್ಕೊಳ್ಳಿ. ಸ್ಟಿಕ್ಕರ್ ಅಡಿಯಲ್ಲಿ ಏನಿದೆ ಅನ್ನೋದಕ್ಕೆ ಕಾನೂನಿನ ಕಣ್ಣಲ್ಲೂ ಬೆಲೆ ಇದೆ.

ರಬ್ಬರ್ ಸ್ಟ್ಯಾಂಪ್: ಪಕ್ಕದಿಂದ ತಂದು ಮುಚ್ಚೋದು

ಸರಿ, ಫೋಟೋಗೆ ಬರೋಣ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ವಿ. 3600 ಪಿಕ್ಸೆಲ್ ಅಗಲ, 2400 ಎತ್ತರದ ಚಿತ್ರ ಸಿಕ್ತು. ಅದರಲ್ಲಿ ಸ್ಟಿಕ್ಕರ್ ಸುಮಾರು 420 ಪಿಕ್ಸೆಲ್ ಅಗಲ, 260 ಎತ್ತರ.

ದೊಡ್ಡದು ಮಾಡಿ ನೋಡಿದ್ರೆ ಈ ಒಂದು ಚೀಟಿ ನಾಲ್ಕು ಬೇರೆ ಬೇರೆ ವಸ್ತುಗಳನ್ನ ಮುಚ್ಚಿತ್ತು. ಒಂದು, ಬರೀ ಕೆಂಪು ಬಣ್ಣ. ಎರಡು, ಹೂಬಳ್ಳಿ ಅಂಚಿನ ಒಂದು ತುಂಡು. ಮೂರು, ‘ಊದುಬತ್ತಿ’ ಅನ್ನೋ ಪದದಲ್ಲಿ ‘ದು’ ಅಕ್ಷರದ ಕೆಳಭಾಗ ಮತ್ತು ಇಡೀ ‘ಬ’. ನಾಲ್ಕು, ಕೆಳಗಿನ ಸಣ್ಣ ಸಾಲಿನಲ್ಲಿ ‘ನಿವ್ವಳ ತೂ’ ಆದಮೇಲೆ ಬರೋದೆಲ್ಲಾ.

ಈ ನಾಲ್ಕಕ್ಕೂ ಒಂದೇ ಮದ್ದು ಇಲ್ಲ. ಯಾಕೆ ಅಂತ ಇತಿಹಾಸವೇ ಹೇಳುತ್ತೆ.

ಫೋಟೋಶಾಪ್ ಮೊದಲ ಆವೃತ್ತಿ ಬಂದದ್ದು 1990ರ ಫೆಬ್ರವರಿಯಲ್ಲಿ. ಅದನ್ನ ಬರೆದದ್ದು ಥಾಮಸ್ ನಾಲ್, ಜಾನ್ ನಾಲ್ ಅನ್ನೋ ಅಣ್ಣತಮ್ಮಂದಿರು. ಅದರಲ್ಲಿ ರಬ್ಬರ್ ಸ್ಟ್ಯಾಂಪ್ ಅಂತ ಒಂದು ಟೂಲ್ ಇತ್ತು. ಆಮೇಲೆ ಅದೇ ಕ್ಲೋನ್ ಸ್ಟ್ಯಾಂಪ್ ಆಯ್ತು. ಕೆಲಸ ಸರಳ. ಇಲ್ಲಿಂದ ತಗೋ ಅಂತ ಒಂದು ಜಾಗ ತೋರಿಸ್ತೀರಿ, ಇನ್ನೊಂದು ಜಾಗದಲ್ಲಿ ಬ್ರಷ್ ಆಡಿಸ್ತೀರಿ. ಅಲ್ಲಿನ ಪಿಕ್ಸೆಲ್ ಇಲ್ಲಿಗೆ ಹಾಗ್ಹಾಗೇ ಬಂದು ಕೂರುತ್ತೆ.

ಇದರ ದೊಡ್ಡ ಗುಣ ಪ್ರಾಮಾಣಿಕತೆ. ಇದು ಏನನ್ನೂ ಹೊಸದಾಗಿ ಹುಟ್ಟಿಸಲ್ಲ, ಇರೋದನ್ನೇ ನಕಲು ಮಾಡುತ್ತೆ. ನಮ್ಮ ಹೂಬಳ್ಳಿಗೆ ಇದೇ ಸರಿಯಾದ ಟೂಲ್ ಆಗಿತ್ತು. ಯಾಕಂದ್ರೆ ಅಂಚಿನಲ್ಲಿ ಅದೇ ಹೂವು, ಅದೇ ಎಲೆ, ಸಮ ಅಂತರದಲ್ಲಿ ಮತ್ತೆ ಮತ್ತೆ ಬರುತ್ತೆ. ಮುಚ್ಚಿಹೋದ ಹೂವಿನ ಅವಳಿ ಎಡಗಡೆ ಕಣ್ಣೆದುರಿಗೇ ಇತ್ತು.

ಆದರೂ ಮೊದಲನೇ ಸಲ ಎಡವಿದ್ವಿ. ಡಬ್ಬಿ ಕ್ಯಾಮೆರಾಗೆ ನೇರವಾಗಿ ಇರಲಿಲ್ಲ, ಸ್ವಲ್ಪ ಓರೆಯಾಗಿತ್ತು. ಹಾಗಾಗಿ ಎಡಗಡೆಯ ಹೂವು ದೊಡ್ಡದು, ಬಲಗಡೆಯದ್ದು ಚಿಕ್ಕದು. ನಕಲು ಮಾಡಿದ ಹೂವು ಪಕ್ಕದ ಹೂವಿಗಿಂತ ದಪ್ಪ ಕಾಣ್ತಿತ್ತು. ಆಮೇಲೆ ಕೆಲಸದ ಕ್ರಮವನ್ನೇ ಬದಲಾಯಿಸಿದ್ವಿ. ಮೊದಲು ಪರ್ಸ್ಪೆಕ್ಟಿವ್ ಟೂಲ್‌ನಿಂದ ಡಬ್ಬಿಯ ಮುಖದ ನಾಲ್ಕು ಮೂಲೆ ಹಿಡಿದು ಅದನ್ನ ನೇರ ಆಯತ ಮಾಡಿದ್ವಿ. ಉಚಿತವಾಗಿ ಸಿಗೋ ಜಿಂಪ್‌ನಲ್ಲೂ ಇದು ಇದೆ. ಮುಖ ಚಪ್ಪಟೆ ಆದಮೇಲೆ ಹೂವುಗಳೆಲ್ಲ ಒಂದೇ ಅಳತೆಗೆ ಬಂದವು, ನಕಲು ಸರಿಯಾಗಿ ಕೂತಿತು.

ಇನ್ನೊಂದು ಮಾತು. ಸ್ಟಿಕ್ಕರ್‌ನ ಗುರುತು ಹಾಕುವಾಗ ಅದರ ಅಂಚಿಗೇ ನಿಲ್ಲಬೇಡಿ. ಸ್ಟಿಕ್ಕರ್ ಕಾಗದಕ್ಕೆ ದಪ್ಪ ಇದೆ, ಒಂದು ಪಕ್ಕದಲ್ಲಿ ತೆಳುವಾದ ನೆರಳು ಬೀಳುತ್ತೆ. ನಾಲ್ಕೈದು ಪಿಕ್ಸೆಲ್ ಹೊರಗೆ ಸೇರಿಸ್ಕೊಂಡು ಗುರುತು ಹಾಕಿ. ಇಲ್ಲಾಂದ್ರೆ ಚೀಟಿ ಹೋಗಿರುತ್ತೆ, ಚೀಟಿಯ ನೆರಳು ಮಾತ್ರ ಉಳಿದಿರುತ್ತೆ.

ಕಂಪ್ಯೂಟರ್‌ಗೆ ಪಾಠ ಹೇಳಿದ್ದು ಚಿತ್ರ ರಿಪೇರಿ ಮಾಡೋರು

2000ನೇ ಇಸವಿಯಲ್ಲಿ ಒಂದು ತಿರುವು. ಮಾರ್ಸೆಲೊ ಬೆರ್ಟಾಲ್ಮಿಯೊ, ಗಿಲ್ಯೆರ್ಮೊ ಸಪಿರೊ, ವಿಸೆಂಟ್ ಕಾಸೆಯೆಸ್, ಕೊಲೊಮಾ ಬಾಯೆಸ್ಟರ್ ಅನ್ನೋ ನಾಲ್ವರು ಒಂದು ಪ್ರಬಂಧ ಮಂಡಿಸಿದ್ರು. ಅದರ ಹೆಸರು ‘ಇಮೇಜ್ ಇನ್‌ಪೇಂಟಿಂಗ್’. ಇನ್‌ಪೇಂಟಿಂಗ್ ಅನ್ನೋ ಪದ ಅವರದ್ದಲ್ಲ. ಹಳೇ ವರ್ಣಚಿತ್ರಗಳಲ್ಲಿ ಬಣ್ಣ ಉದುರಿಹೋದ ಜಾಗವನ್ನ ತುಂಬೋ ಸಂರಕ್ಷಕರ ಪದ ಅದು. ಈ ನಾಲ್ವರು ಅಮೆರಿಕದ ಮಿನ್ನಿಯಾಪೊಲಿಸ್‌ನ ಕಲಾ ಮ್ಯೂಸಿಯಮ್ಮಿನ ಸಂರಕ್ಷಕರನ್ನ ಕೇಳಿ, ಅವರು ಕೈಯಲ್ಲಿ ಹೇಗೆ ಮಾಡ್ತಾರೆ ಅಂತ ತಿಳ್ಕೊಂಡು, ಅದನ್ನೇ ಗಣಿತಕ್ಕೆ ಇಳಿಸಿದ್ರು.

ಸಂರಕ್ಷಕರ ಕ್ರಮ ಹೀಗೆ. ತೂತಿನ ಅಂಚಿಗೆ ಬಂದು ನಿಲ್ಲೋ ಗೆರೆಗಳನ್ನ ನೋಡು, ಅವನ್ನ ಅದೇ ದಿಕ್ಕಿನಲ್ಲಿ ಒಳಕ್ಕೆ ಎಳಿ, ಆಮೇಲೆ ಮಧ್ಯೆ ಬಣ್ಣ ತುಂಬು. ಕಂಪ್ಯೂಟರ್ ಕೂಡ ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಗೇ ಮಾಡ್ತು. ಫೋಟೋ ಮೇಲಿನ ಗೀರು, ಫೋಟೋ ಮೇಲೆ ಬರೆದ ತೆಳು ಅಕ್ಷರ, ಇವೆಲ್ಲಾ ಚೆನ್ನಾಗಿ ಮಾಯ ಆದವು. ಆದರೆ ಅಗಲವಾದ ತೂತಿಗೆ ಇದು ಸೋಲುತ್ತೆ. 420 ಪಿಕ್ಸೆಲ್ ಅಗಲದ ಚೀಟಿಯ ಜಾಗದಲ್ಲಿ ಬರೋದು ಮಂಜು ಮಂಜಾದ ಕೆಂಪು. ಬಣ್ಣ ಸರಿ ಇರುತ್ತೆ, ಕಾಗದದ ತರಿ ಇರಲ್ಲ.

ಎರಡು ವರ್ಷ ಕಳೆದು, 2002ರಲ್ಲಿ ಫೋಟೋಶಾಪ್ 7 ಹೀಲಿಂಗ್ ಬ್ರಷ್ ತಂತು. ಇದೂ ಬೇರೆ ಕಡೆಯಿಂದ ನಕಲು ಮಾಡುತ್ತೆ, ಆದರೆ ಹಾಗ್ಹಾಗೇ ಅಲ್ಲ. ತರಿಯನ್ನ ಅಲ್ಲಿಂದ ತಗೊಂಡು, ಬಣ್ಣ ಮತ್ತೆ ಬೆಳಕನ್ನ ಇಲ್ಲಿನ ಅಂಚಿಗೆ ಹೊಂದಿಸುತ್ತೆ. ನಮ್ಮ ಡಬ್ಬಿಯ ಬರೀ ಕೆಂಪು ಭಾಗಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ಕಿಟಕಿ ಬೆಳಕು ಎಡದಿಂದ ಬಿದ್ದು ಕೆಂಪು ನಿಧಾನವಾಗಿ ಕಪ್ಪಾಗ್ತಾ ಹೋಗಿತ್ತು. ಬರೀ ಕ್ಲೋನ್ ಮಾಡಿದ್ರೆ ತೇಪೆ ಹಾಕಿದ ಹಾಗೆ ಕಾಣೋದು. ಹೀಲಿಂಗ್ ಬ್ರಷ್ ಅದನ್ನ ಸರಿದೂಗಿಸ್ತು.

ಇದಕ್ಕೂ ಮಿತಿ ಇದೆ. ತುಂಬೋ ಜಾಗದ ಅಂಚಿನಲ್ಲಿ ಬೇರೆ ಗಾಢ ಬಣ್ಣ ತಾಗಿದ್ರೆ ಅದು ಒಳಕ್ಕೆ ಹರಡುತ್ತೆ. ಕೆಂಪು ತುಂಬುವಾಗ ಬ್ರಷ್ ಸ್ಟಿಕ್ಕರ್‌ನ ಬಿಳಿಗೆ ತಾಗಿತು, ಕೆಂಪಿನೊಳಗೆ ಗುಲಾಬಿ ಕಲೆ ಕಾಣಿಸ್ಕೊಂಡಿತು. ಅದಕ್ಕೆ ಮೊದಲು ಅಂಚಿನ ಸುತ್ತ ಕ್ಲೋನ್ ಮಾಡಿ ಬಿಳಿಯನ್ನ ಮುಚ್ಚಿ, ಆಮೇಲೆ ಒಳಗೆ ಹೀಲಿಂಗ್ ಬ್ರಷ್ ಆಡಿಸಿದ್ವಿ.

‘ಹೊಂದೋ ಉತ್ತರ’ ಮತ್ತು ‘ಸರಿಯಾದ ಉತ್ತರ’

ಈಗ ಅಕ್ಷರಕ್ಕೆ ಬರೋಣ. ಕಷ್ಟ ಶುರುವಾಗೋದು ಇಲ್ಲೇ.

2009ರಲ್ಲಿ ಪ್ರಿನ್ಸ್‌ಟನ್ ಮತ್ತು ಅಡೋಬಿಯ ಸಂಶೋಧಕರು ಪ್ಯಾಚ್‌ಮ್ಯಾಚ್ ಅನ್ನೋ ವಿಧಾನ ಪ್ರಕಟಿಸಿದ್ರು. ಚಿತ್ರದ ಸಣ್ಣ ಸಣ್ಣ ತುಂಡುಗಳಲ್ಲಿ ಒಂದಕ್ಕೊಂದು ಹೋಲೋದನ್ನ ಬಹಳ ವೇಗವಾಗಿ ಹುಡುಕೋ ದಾರಿ ಅದು. ಮುಂದಿನ ವರ್ಷ ಫೋಟೋಶಾಪ್ ಸಿಎಸ್5ರಲ್ಲಿ ಕಂಟೆಂಟ್ ಅವೇರ್ ಫಿಲ್ ಬಂತು. ಒಂದು ಜಾಗ ಆರಿಸಿ ಬಟನ್ ಒತ್ತಿದ್ರೆ ತಾನೇ ತುಂಬ್ಕೊಳ್ಳುತ್ತೆ.

ಇದು ಒಳಗೆ ಕೇಳೋ ಪ್ರಶ್ನೆ ಏನು ಗೊತ್ತಾ? ‘ಇಲ್ಲಿ ಏನಿತ್ತು?’ ಅಂತ ಅಲ್ಲ. ‘ಈ ಚಿತ್ರದಲ್ಲಿ ಬೇರೆಲ್ಲಾದರೂ ಇರೋ ಯಾವ ತುಂಡು ಇಲ್ಲಿ ಇಟ್ಟರೆ ಅಂಚಿಗೆ ಹೊಂದುತ್ತೆ?’ ಅಂತ. ಹುಲ್ಲು, ಮರಳು, ಆಕಾಶಕ್ಕೆ ಈ ಎರಡೂ ಪ್ರಶ್ನೆಗೆ ಉತ್ತರ ಒಂದೇ. ಯಾವ ಹುಲ್ಲಾದರೇನು? ಅಕ್ಷರಕ್ಕೆ ಹಾಗಲ್ಲ.

ಪ್ರಯೋಗಕ್ಕೆ ಅಂತ ‘ಊದುಬತ್ತಿ’ಯ ಜಾಗದಲ್ಲಿ ಆ ಬಟನ್ ಒತ್ತಿ ನೋಡಿದ್ವಿ. ‘ದು’ ಕೆಳಗೆ ‘ತ್ತಿ’ಯ ಒತ್ತಕ್ಷರದ ಬಾಲ ಬಂದು ಅಂಟಿಕೊಂಡಿತು. ‘ಬ’ ಇರಬೇಕಾದ ಕಡೆ ಹೂಬಳ್ಳಿಯ ಎಲೆಯೊಂದು ಅರ್ಧ ಅಕ್ಷರದ ಹಾಗೆ ಸುತ್ತಿಕೊಂಡಿತ್ತು. ಫೋನಲ್ಲಿ ದೂರದಿಂದ ನೋಡಿದ್ರೆ ಕನ್ನಡದ ಹಾಗೇ ಕಾಣುತ್ತೆ. ಓದೋಕೆ ಹೋದ್ರೆ ಯಾವ ಭಾಷೆಯೂ ಅಲ್ಲ. ಬಣ್ಣ ಹೊಂದಿದೆ, ದಪ್ಪ ಹೊಂದಿದೆ, ಪದ ಮಾತ್ರ ಇಲ್ಲ.

ಹಾಗಾದ್ರೆ ‘ಬ’ ಎಲ್ಲಿಂದ ತರೋದು? ಡಬ್ಬಿ ಮೇಲೆ ಕಾಣೋ ಇನ್ನೊಂದು ‘ಬ’ ವಿಳಾಸದ ಸಾಲಿನ ‘ಬೀದಿ’ಯಲ್ಲಿ ಇತ್ತು. ಆದರೆ ಅದು ‘ಬೀ’. ಗುಡಿಸು ಬಂದಾಗ ತಲೆಯ ಆಕಾರವೇ ಬದಲಾಗುತ್ತೆ. ಇಂಗ್ಲಿಷಿನಲ್ಲಿ ಒಂದು ‘ಬಿ’ ಸಿಕ್ಕರೆ ಎಲ್ಲಿ ಬೇಕಾದರೂ ಕೂರಿಸಬಹುದು. ಕನ್ನಡದಲ್ಲಿ ಸ್ವರದ ಜೊತೆ ಅಕ್ಷರದ ಮೈಯೇ ಬದಲಾಗುತ್ತೆ. ಕಂಪ್ಯೂಟರ್ ಫಾಂಟಿನಿಂದ ಹಾಕೋಣ ಅಂದ್ರೆ ಇದು ಕಲಾವಿದರೊಬ್ಬರು ಕೈಯಲ್ಲಿ ಬರೆದ ಅಕ್ಷರ. ಯಾವ ಫಾಂಟೂ ಹೊಂದಲಿಲ್ಲ.

ಉತ್ತರ ಸಿಕ್ಕಿದ್ದು ಡಬ್ಬಿಯ ಪಕ್ಕದ ಮಗ್ಗುಲಲ್ಲಿ. ಫೋಟೋದಲ್ಲಿ ಓರೆಯಾಗಿ, ಕಿರಿದಾಗಿ ಕಾಣೋ ಆ ಮಗ್ಗುಲಲ್ಲೂ ‘ಊದುಬತ್ತಿ’ ಅಂತ ಅದೇ ಕೈಬರಹ ಸಣ್ಣದಾಗಿ ಇತ್ತು. ಅದನ್ನ ನೇರ ಮಾಡಿ ಎರಡೂವರೆ ಪಟ್ಟು ಹಿಗ್ಗಿಸಿದ್ವಿ. ಮಸುಕಾಯ್ತು, ಆದರೆ ಆಕಾರ ತಿಳೀತು. ಅದನ್ನ ಒಂದು ಪದರದಲ್ಲಿ ಅರೆಪಾರದರ್ಶಕವಾಗಿ ಇಟ್ಟು, ಮೇಲೆ ಪೆನ್ ಟೂಲ್‌ನಿಂದ ‘ಬ’ದ ಹೊರಗೆರೆ ಎಳೆದ್ವಿ. ಗೆರೆಯ ದಪ್ಪವನ್ನ ಮುಂಭಾಗದಲ್ಲಿ ಉಳಿದಿದ್ದ ‘ಊ’ ಮತ್ತು ‘ತ್ತಿ’ಯಿಂದ ಅಳೆದು ತಗೊಂಡ್ವಿ. ಆಮೇಲೆ ಚಿನ್ನದ ಬಣ್ಣ ತುಂಬಿ, ಸುತ್ತಲಿನ ಅಕ್ಷರದಷ್ಟೇ ಅಂಚು ಮೃದು ಮಾಡಿ, ಕೊನೆಗೆ ಫೋಟೋದಲ್ಲಿರೋ ಅದೇ ತರಿಯನ್ನ ಸ್ವಲ್ಪ ಸೇರಿಸಿದ್ವಿ. ಈ ಕೊನೇ ಹೆಜ್ಜೆ ಬಿಟ್ಟರೆ ಹೊಸ ಅಕ್ಷರ ಒಂದೇ ಪ್ಲಾಸ್ಟಿಕ್ ಹಾಗೆ ನುಣ್ಣಗೆ ಎದ್ದು ಕಾಣುತ್ತೆ.

ಸರಿಯಾಗಿದೆಯಾ ಅಂತ ನೋಡೋಕೆ ಒಂದು ಉಪಾಯ ಇದೆ. ಚಿತ್ರದ ಕಾಂಟ್ರಾಸ್ಟನ್ನ ತಾತ್ಕಾಲಿಕವಾಗಿ ಮಿತಿಮೀರಿ ಏರಿಸಿ. ತೇಪೆ ಎಲ್ಲಿದ್ದರೂ ಗಡಿ ಕಾಣಿಸ್ಕೊಳ್ಳುತ್ತೆ. ಆಮೇಲೆ ಚಿತ್ರವನ್ನ ತಲೆಕೆಳಗು ಮಾಡಿ ನೋಡಿ. ಓದೋ ಚಟ ಬಿಟ್ಟುಹೋಗಿ ಕಣ್ಣು ಬರೀ ಆಕಾರ ನೋಡುತ್ತೆ. ನಮ್ಮ ಹೂಬಳ್ಳಿಯಲ್ಲಿ ಒಂದೇ ಗೀರು ಎರಡು ಹೂವಿನ ಮೇಲೆ ಇದ್ದದ್ದು ಆಗಲೇ ಗೊತ್ತಾಗಿದ್ದು. ಮೂಲ ಹೂವಿನ ಗೀರೂ ನಕಲಾಗಿತ್ತು.

ನಾಲ್ಕನೇ ಜಾಗ

ಉಳಿದದ್ದು ನಿವ್ವಳ ತೂಕದ ಸಾಲು. ‘ತೂ’ ಆದಮೇಲೆ ‘ಕ’ ಬರಬೇಕು ಅನ್ನೋದು ಖಚಿತ. ಅದಾದಮೇಲೆ ಒಂದು ಅಂಕಿ ಇದ್ದೇ ಇರಬೇಕು, 1977ರ ನಿಯಮ ಹಾಗೆ ಹೇಳುತ್ತೆ. ಯಾವ ಅಂಕಿ?

ಸ್ನೇಹಿತ 40 ಗ್ರಾಂ ಅಂದ. ಅವನ ಅಮ್ಮ ಒಪ್ಪಲಿಲ್ಲ. “ನಾನೇ ತಕ್ಕಡೀಲಿ ತೂಗಿ ತುಂಬ್ತಿದ್ದೆ ಕಣಪ್ಪಾ, ಐವತ್ತು” ಅಂದ್ರು. ಇಬ್ಬರೂ ಪೂರ್ತಿ ನಂಬಿಕೆಯಿಂದ ಹೇಳ್ತಿದ್ರು. ಪಕ್ಕದ ಮಗ್ಗುಲಲ್ಲಿ ತೂಕ ಬರೆದಿರಲಿಲ್ಲ. ಸ್ನೇಹಿತನಿಗೆ ತಾಳ್ಮೆ ತಪ್ಪಿತು. “ಲೋ, ಏನೋ ಒಂದು ಹಾಕಪ್ಪಾ. ಯಾರು ನೋಡ್ತಾರೆ?”

ಇಲ್ಲಿ ನನಗೆ ನೆನಪಾದದ್ದು ಇಟಲಿಯ ಚೆಸಾರೆ ಬ್ರಾಂದಿ. 1939ರಲ್ಲಿ ಸ್ಥಾಪನೆಯಾದ ರೋಮ್‌ನ ಕೇಂದ್ರ ಸಂರಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ. ಯುದ್ಧದಲ್ಲಿ ಚೂರಾದ ಭಿತ್ತಿಚಿತ್ರಗಳನ್ನ ಜೋಡಿಸೋ ಕಾಲದಲ್ಲಿ ಅವರ ಬಳಗ ತ್ರತ್ತೇಜ್ಜೋ ಅನ್ನೋ ಕ್ರಮ ರೂಪಿಸಿತು. ಕಳೆದುಹೋದ ಜಾಗವನ್ನ ಒಂದರ ಪಕ್ಕ ಒಂದು ತೆಳುವಾದ ಲಂಬ ಗೆರೆಗಳಿಂದ, ಜಲವರ್ಣದಲ್ಲಿ ತುಂಬೋದು. ದೂರದಿಂದ ನೋಡಿದ್ರೆ ಚಿತ್ರ ಒಂದಾಗಿ ಕಾಣುತ್ತೆ. ಹತ್ತಿರ ಹೋದ್ರೆ ಗೆರೆಗಳು ಕಾಣಿಸಿ, ಇದು ಮೂಲ ಅಲ್ಲ, ನಾವು ತುಂಬಿದ್ದು ಅಂತ ಗೊತ್ತಾಗುತ್ತೆ. ಸಂರಕ್ಷಕ ಕಣ್ಣಿಗೆ ಸಹಾಯ ಮಾಡಬಹುದು, ಸುಳ್ಳು ಸಾಕ್ಷಿ ಹೇಳಬಾರದು ಅನ್ನೋದು ಅದರ ತಿರುಳು. ಇನ್‌ಪೇಂಟಿಂಗ್ ಅನ್ನೋ ಪದ ಕಂಪ್ಯೂಟರ್‌ಗೆ ಬಂದಾಗ ಈ ಎಚ್ಚರ ಹಿಂದೆ ಉಳಿದುಹೋಯ್ತು.

ಹಾಗಾಗಿ ನಾವು ‘ತೂಕ’ ಅಂತ ಪೂರ್ತಿ ಮಾಡಿ, ಅಂಕಿಯ ಜಾಗವನ್ನ ಬರೀ ಕೆಂಪಾಗಿ ಬಿಟ್ವಿ. ಹೊಸದಾಗಿ ಅಚ್ಚಾಗೋ ಡಬ್ಬಿಗೆ ಹೇಗೂ ಇವತ್ತಿನ ನಿಜವಾದ ತೂಕ, ಇವತ್ತಿನ ಬೆಲೆ ಹಾಕಲೇಬೇಕು. ಹಳೇ ಅಂಕಿ ಅಲ್ಲಿ ಕೆಲಸಕ್ಕೂ ಬರಲ್ಲ. ಸ್ಟಿಕ್ಕರ್ ಇರೋ ಮೂಲ ಸ್ಕ್ಯಾನನ್ನ ಮುಟ್ಟದೆ ಬೇರೆ ಫೈಲಾಗಿ ಇಟ್ವಿ. ನಾವು ಮಾಡಿದ ಒಂದೊಂದು ತಿದ್ದುಪಡಿಯೂ ಬೇರೆ ಬೇರೆ ಪದರದಲ್ಲಿದೆ. ಕೆಂಪು ಒಂದು, ಹೂವು ಒಂದು, ಅಕ್ಷರ ಒಂದು. ಫೋಟೋಶಾಪ್‌ಗೆ ಪದರಗಳು ಬಂದದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಸ್ಟ್ಯಾಂಪ್ ಒತ್ತಿದ್ರೆ ಅದು ಮೂಲದ ಮೇಲೇ. ಈಗ ಯಾರಾದರೂ ಕೇಳಿದ್ರೆ ಒಂದೊಂದೇ ಪದರ ಮುಚ್ಚಿ ತೋರಿಸಬಹುದು.

ಕೊನೆಗೆ ಆನ್‌ಲೈನಲ್ಲಿ ಏನಾದರೂ ಮಾರ್ತಾ ಇರೋರಿಗೆ ಒಂದು ಮಾತು. ಸಾಮಾನು ನಿಮ್ಮ ಕೈಯಲ್ಲೇ ಇದ್ದರೆ ಇಷ್ಟೆಲ್ಲಾ ಬೇಡ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಚೀಟಿ ಕಿತ್ತು, ಅಥವಾ ಚೀಟಿ ಇಲ್ಲದ ಇನ್ನೊಂದು ಪ್ಯಾಕೆಟ್ ತಂದು, ಅದೇ ಬೆಳಕಿನಲ್ಲಿ ಅದೇ ಕೋನದಿಂದ ಇನ್ನೊಂದು ಫೋಟೋ ತೆಗೀರಿ. ಬೇಕಾದ್ರೆ ಆ ಜಾಗವನ್ನಷ್ಟೇ ಅದರಿಂದ ತಂದು ಕೂರಿಸಿ. ಅದು ಊಹೆ ಅಲ್ಲ, ನಿಜವಾದ ಅಚ್ಚು. ಬೆಲೆ, ತೂಕ, ದಿನಾಂಕ, ಪರವಾನಗಿ ಸಂಖ್ಯೆ ಇರೋ ಜಾಗದ ಮೇಲಂತೂ ಫೋನಿನ ಅಳಿಸೋ ಬೆರಳನ್ನ ಆಡಿಸಲೇಬೇಡಿ.

ಪ್ರಿಂಟ್ ತಗೊಂಡು ಹೋಗಿ ಅಮ್ಮನಿಗೆ ತೋರಿಸಿದ್ವಿ. ತುಂಬಾ ಹೊತ್ತು ನೋಡಿದ್ರು. ಆಮೇಲೆ ಆ ಖಾಲಿ ಕೆಂಪು ಜಾಗದ ಮೇಲೆ ಬೆರಳಿಟ್ಟು, “ಐವತ್ತೇ ಇದ್ದಿದ್ದು” ಅಂದ್ರು. ಸ್ನೇಹಿತ ಏನೂ ಹೇಳಲಿಲ್ಲ.